ದಿನಾ ಸಂಜೆ ನಮಸ್ಕಾರ ಕಳಿಸುವ ಅಮ್ಮನಿಗೆ ಹೇಗೆ ಉತ್ತರಿಸೋದು, ಎಷ್ಟರವರೆಗೆ?

ಶಶಿಧರ, ಕುವೆಂಪುನಗರ

ನಮ್ಮ ಬಡಾವಣೆಯ ನಿವಾಸಿಗಳ ಸಂಘದಿಂದ ಹಿರಿಯರಿಗೆ ಅಂತ ಒಂದು ವಾಟ್ಸ್‌ಆ್ಯಪ್ ನಂಬರ್ ಇಟ್ಟಿದ್ದೇವೆ. ಮಾತ್ರೆ ತಂದುಕೊಡೋದು, ಕರೆಂಟ್ ಬಿಲ್ ಕಟ್ಟೋದು, ಪ್ಲಂಬರ್‌ನ ಕಳಿಸೋದು, ಇಷ್ಟಕ್ಕೇ ಶುರು ಮಾಡಿದ್ದು. ಸಂಜೆ 6ರಿಂದ 8ರವರೆಗೆ ನಾನು, ಸುಮಾ, ರವಿ ಮೂವರು ಸರದಿ ಮೇಲೆ ಆ ಫೋನ್ ನೋಡಿಕೊಳ್ಳುತ್ತೇವೆ, ಆಮೇಲೆ ಅದನ್ನು ಸಂಘದ ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇವೆ.

78 ವರ್ಷದ ಒಬ್ಬ ಅಮ್ಮ, ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು, ದಿನಾ ಸಂಜೆ ಏಳರ ಹೊತ್ತಿಗೆ ಬರೆಯುತ್ತಾರೆ: "ನಮಸ್ಕಾರ. ದೀಪ ಹಚ್ಚಿದೆ. ಎಲ್ಲರೂ ಹೇಗಿದ್ದೀರಿ?" ಕೆಲಸ ಏನೂ ಹೇಳಲ್ಲ. ಯಜಮಾನರು ಇಲ್ಲ, ಮಗ ಹೊರದೇಶದಲ್ಲಿ. ನಮ್ಮಲ್ಲಿ ಒಬ್ಬರು "ಈ ನಂಬರ್ ಹರಟೆಗಲ್ಲ" ಅಂತ ಬರೀ ಹೆಬ್ಬೆರಳು ಒತ್ತಿ ಸುಮ್ಮನಾಗುತ್ತಾರೆ. ಇನ್ನೊಬ್ಬರು ಗಂಟೆಗಟ್ಟಲೆ ಮಾತಾಡ್ತಾ ಕೂರುತ್ತಾರೆ. ಹೆಬ್ಬೆರಳು ಬಂದ ಮರುದಿನ ಅಮ್ಮ "ತೊಂದರೆ ಕೊಡ್ತಿದ್ದೀನೇನೋ, ಕ್ಷಮಿಸಿ" ಅಂತ ಬರೆದಿದ್ದರು. ಅದನ್ನು ಓದಿ ಸಂಕಟ ಆಯ್ತು.

ಏನಂತ ಉತ್ತರ ಕೊಡಬೇಕು, ಎಷ್ಟು ಹೊತ್ತು, ಒಂದು ದಿನ ನಮಸ್ಕಾರ ಬರದೇ ಹೋದರೆ ಏನು ಮಾಡಬೇಕು? ಈ ಕೆಲಸ ಬಲ್ಲವರು ಹೇಳಿ.

ಲೋಕೇಶ, ಮದ್ದೂರು

ಇದರಲ್ಲಿ ಯೋಚನೆ ಮಾಡಕ್ಕೇನೈತೆ ಅಣ್ಣ. ಟೈಪು ಗೀಪು ಬಿಟ್ಟಾಕಿ, ಫೋನ್ ಹಚ್ಚಿ ಮಾತಾಡ್ಸಿ. ಧ್ವನಿ ಕೇಳಿದ್ರೇನೇ ಸಮಾಧಾನ. "ಅಮ್ಮ, ನಾನೂ ನಿಮ್ ಮಗ ಇದ್ದಂಗೆ, ಹಗಲೋ ರಾತ್ರಿಯೋ ಯಾವಾಗ ಬೇಕಾದ್ರೂ ಕರೀರಿ" ಅಂತ ಒಂದು ಮಾತು ಹೇಳ್ಬಿಡಿ. ಒಂಟಿಯಾಗಿರೋ ಜೀವಕ್ಕೆ ಅದಕ್ಕಿಂತ ಇನ್ನೇನು ಬೇಕು.

ಪದ್ಮಾವತಿ, ಸರಸ್ವತಿಪುರಂ

ಲೋಕೇಶ್ ಅವರೇ, ನಿಮ್ಮ ಮನಸ್ಸು ಒಳ್ಳೆಯದು. ಆದರೆ ಈ ಕೆಲಸದಲ್ಲಿ ಹಿರಿಯರಿಗೆ ಹೆಚ್ಚು ನೋವು ತರೋದು ಆ ಎರಡನೇ ಮಾತೇ. ರಾತ್ರಿ 11ಕ್ಕೆ ಅವರು ಕರೆದಾಗ ಫೋನು ಸಂಘದ ಕಪಾಟಿನಲ್ಲಿ ಬೀಗದೊಳಗಿರುತ್ತೆ. ಯಾರೂ ಎತ್ತಲ್ಲ. ಹೇಳದೇ ಇದ್ದಿದ್ದರೆ ಅವರು ಕಾಯುತ್ತಲೇ ಇರಲಿಲ್ಲ.

ಶಶಿಧರ್, ನಿಮ್ಮಲ್ಲಿ ಗಂಟೆಗಟ್ಟಲೆ ಮಾತಾಡುವವರೂ ತಪ್ಪಲ್ಲ, ಹೆಬ್ಬೆರಳು ಒತ್ತುವವರೂ ಕೆಟ್ಟವರಲ್ಲ. ಅಮ್ಮನನ್ನು ಕಂಗೆಡಿಸುತ್ತಿರೋದು ಸೋಮವಾರ ಒಂದು ಗಂಟೆ, ಮಂಗಳವಾರ ಒಂದು ಹೆಬ್ಬೆರಳು ಅನ್ನೋ ಏರುಪೇರು. ಒಂಟಿಯಾಗಿರುವವರು ಆ ವ್ಯತ್ಯಾಸಕ್ಕೆ ಕಾರಣವನ್ನು ತಮ್ಮಲ್ಲೇ ಹುಡುಕಿಕೊಳ್ಳುತ್ತಾರೆ. "ತೊಂದರೆ ಕೊಡ್ತಿದ್ದೀನೇನೋ" ಅನ್ನೋದು ಅಲ್ಲಿಂದಲೇ ಹುಟ್ಟಿದ್ದು.

ಹಾಗಾಗಿ ಮೂವರೂ ಕೂತು ಮೊದಲು ಒಂದು ಅಳತೆ ಗೊತ್ತು ಮಾಡಿಕೊಳ್ಳಿ. ನಿಮ್ಮಲ್ಲಿ ಅತಿ ಬಿಡುವಿಲ್ಲದವರು ಅತಿ ಬಿಡುವಿಲ್ಲದ ದಿನದಲ್ಲೂ ಕೊಡಬಹುದಾದಷ್ಟೇ ಅಳತೆ ಇರಲಿ. 15 ನಿಮಿಷ ಅಂದರೆ 15 ನಿಮಿಷ, ಆದರೆ ದಿನಾ, ಅದೇ ಹೊತ್ತಿಗೆ. ಆಮೇಲೆ ಅದನ್ನು ಅಮ್ಮನಿಗೆ ಮುಚ್ಚುಮರೆ ಇಲ್ಲದೆ ಹೇಳಿ. ಈ ಫೋನ್ ಯಾರ್‍ಯಾರ ಕೈಯಲ್ಲಿರುತ್ತೆ, ಎಷ್ಟು ಗಂಟೆಯವರೆಗೆ, 8ರ ನಂತರ ಯಾರೂ ನೋಡಲ್ಲ, ತುರ್ತಾದರೆ ಬೇರೆ ಯಾವ ನಂಬರ್. ಗಡಿ ಹೇಳಿದರೆ ಬೇಜಾರಾಗುತ್ತಾರೆ ಅಂತ ಹೆದರಬೇಡಿ. ಗಡಿ ಗೊತ್ತಿದ್ದವರು ಅದರೊಳಗೆ ಸಂಕೋಚ ಇಲ್ಲದೆ ಮಾತಾಡುತ್ತಾರೆ, ಯಾಕಂದ್ರೆ ಆ ಹೊತ್ತು ತಮ್ಮದು ಅಂತ ಅವರಿಗೆ ಗೊತ್ತಿರುತ್ತೆ.

ಇನ್ನೊಂದು, ಪ್ರತಿ ಉತ್ತರದ ಕೊನೆಗೆ ಬರೆದವರ ಹೆಸರು ಇರಲಿ. ಒಂದೇ ನಂಬರಿನಿಂದ ಮೂವರು ಮಾತಾಡಿದರೆ ಅವರ ಪಾಲಿಗೆ ಒಬ್ಬನೇ ಮನುಷ್ಯ. ನಿನ್ನೆ ಮಂಡಿನೋವಿನ ವಿಷಯ ಹೇಳಿಕೊಂಡಿರುತ್ತಾರೆ, ಇವತ್ತು ನೀವು ಏನೂ ಗೊತ್ತಿಲ್ಲದಂತೆ ಬರೆಯುತ್ತೀರಿ. ಅವರು ಏನೆಂದುಕೊಳ್ಳಬೇಕು?

ರೇಖಾ

ಅಯ್ಯೋ, ನಮ್ಮತ್ತೆದೂ ಇದೇ ಕಥೆ. ದಿನಾ ಬೆಳಿಗ್ಗೆ ಗುಲಾಬಿ ಹೂವು, ಸಾಯಿಬಾಬಾ, ಶುಭ ಮುಂಜಾನೆ. ಫೋನ್ ತುಂಬಿ ಹ್ಯಾಂಗ್ ಆಗ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಮೀಡಿಯಾ ಆಟೋ ಡೌನ್‌ಲೋಡ್ ಆಫ್ ಮಾಡಿ, ಅವರ ಚಾಟ್‌ನ ಮ್ಯೂಟ್‌ಗೆ ಹಾಕಿಟ್ಟೆ. ಅವರಿಗೂ ಬೇಜಾರಿಲ್ಲ, ನನಗೂ ನೆಮ್ಮದಿ. ನೀವೂ ಹಾಗೇ ಮಾಡಿ.

ಶಶಿಧರ, ಕುವೆಂಪುನಗರ

ರೇಖಾ ಅವರೇ, ಇವು ಫಾರ್ವರ್ಡ್ ಅಲ್ಲ. ಅವರೇ ಒಂದೊಂದೇ ಅಕ್ಷರ ಒತ್ತಿ ಬರೆಯೋದು. ಒತ್ತಕ್ಷರ ತಪ್ಪಿದ್ದರೆ ಅಳಿಸಿ ಮತ್ತೆ ಸರಿ ಮಾಡಿ ಕಳಿಸುತ್ತಾರೆ. ಮ್ಯೂಟ್ ಮಾಡಿದರೆ ಈ ನಂಬರ್ ಇಟ್ಟು ಏನು ಪ್ರಯೋಜನ?

ಲೋಕೇಶ್, ಫೋನ್ ಮಾಡಿಯೂ ನೋಡಿದ್ದೇವೆ. ಎತ್ತಲ್ಲ. ಎತ್ತಿದರೂ "ಹ್ಞೂಂ ಹ್ಞೂಂ, ಸರಿ ಸರಿ" ಅಂತ ಬೇಗ ಇಟ್ಟುಬಿಡುತ್ತಾರೆ. ನಾಲ್ಕು ನಿಮಿಷ ಆದಮೇಲೆ ಅವರೇ ಮೆಸೇಜ್‌ನಲ್ಲಿ ಉದ್ದಕ್ಕೆ ಬರೆಯುತ್ತಾರೆ.

ಅನಂತ, ಮಾನಸಗಂಗೋತ್ರಿ ಹತ್ತಿರ

ಇದನ್ನು ಕಿವಿ ಪರೀಕ್ಷೆ ಮಾಡುವವನಾಗಿ ಬರೆಯುತ್ತಿದ್ದೇನೆ. "ಹ್ಞೂಂ ಹ್ಞೂಂ, ಸರಿ ಸರಿ" ಅಂತ ಫೋನ್ ಬೇಗ ಇಡೋದು ಕಿವಿ ಮಂದವಾಗಿರುವವರ ತೀರಾ ಸಾಮಾನ್ಯ ಲಕ್ಷಣ. ವಯಸ್ಸಿನ ಕಿವುಡು ಮೊದಲು ತಿನ್ನೋದು ಮೇಲಿನ ಸ್ಥಾಯಿಯ ಸದ್ದುಗಳನ್ನು. ಸ, ಶ, ತ, ಕ ಇವೆಲ್ಲ ಜಾರಿಹೋಗುತ್ತವೆ. ಮಾತು ಕೇಳಿಸುತ್ತೆ, ಅರ್ಥ ಆಗಲ್ಲ. ಎದುರಿಗೆ ಕೂತರೆ ತುಟಿ ನೋಡಿ ತುಂಬಿಕೊಳ್ಳುತ್ತಾರೆ, ಫೋನ್‌ನಲ್ಲಿ ತುಟಿ ಕಾಣಲ್ಲ. ಮೂರು ಸಲ "ಏನಂದ್ರಿ" ಅನ್ನೋಕೆ ನಾಚಿಕೆಯಾಗಿ ಹ್ಞೂಂಗುಟ್ಟಿ ಇಟ್ಟುಬಿಡುತ್ತಾರೆ. ಕ್ರಮೇಣ ಫೋನ್ ಎತ್ತೋದನ್ನೇ ಬಿಡುತ್ತಾರೆ, ಮದುವೆ ಮುಂಜಿಗೂ ಹೋಗಲ್ಲ. ಮನೆಯವರು "ಯಾರ ಜೊತೆಗೂ ಬೆರೆಯಲ್ಲ" ಅಂದುಕೊಳ್ಳುತ್ತಾರೆ.

ಅಮ್ಮನಿಗೆ ನೇರವಾಗಿ ಬರೆದು ಕೇಳಿ: "ಫೋನ್‌ನಲ್ಲಿ ಮಾತು ಸ್ಪಷ್ಟ ಕೇಳಿಸುತ್ತಾ, ಬರೆದರೇ ಅನುಕೂಲವಾ?" ಹಿಯರಿಂಗ್ ಏಡ್ ಇದೆಯಾ ಅಂತಲೂ ಕೇಳಿ. ಇದ್ದೂ ಡಬ್ಬಿಯಲ್ಲಿ ಕೂತಿರೋದೇ ಹೆಚ್ಚು. ಹಲವು ಸಲ ಕಾರಣ ಬರೀ ಬ್ಯಾಟರಿ. ಗುಂಡಿ ಬ್ಯಾಟರಿಗೆ ಹಿಂದೆ ಒಂದು ಸ್ಟಿಕ್ಕರ್ ಇರುತ್ತೆ. ಅದನ್ನು ಕಿತ್ತ ಮೇಲೆ ಗಾಳಿ ತಾಗಿ ಬ್ಯಾಟರಿ ಕೆಲಸ ಶುರು ಮಾಡುತ್ತೆ, ಮತ್ತೆ ಅಂಟಿಸಿದರೆ ಉಳಿಯಲ್ಲ. ಕಿತ್ತು ಒಂದು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಬೇಕು. ಒಂದೇ ದಿನ ಪ್ಯಾಕಿನಲ್ಲಿರೋ ಎಲ್ಲದರ ಸ್ಟಿಕ್ಕರನ್ನೂ ಕಿತ್ತಿಟ್ಟು, "ಬ್ಯಾಟರಿ ಸರಿಯಿಲ್ಲ" ಅನ್ನುವವರು ಬಹಳ.

ಪರೀಕ್ಷೆಯೇ ಆಗಿಲ್ಲ ಅಂದರೆ ನಮ್ಮ ಮೈಸೂರಲ್ಲೇ ಆಯಿಷ್, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ. ಬೆಳಿಗ್ಗೆ ಬೇಗ ಹೋಗಿ ನೋಂದಾಯಿಸಿ, ಜೊತೆಗೆ ಒಬ್ಬರು ಇರಲಿ. ನಿಮ್ಮ ಸಂಘದ ನಂಬರ್ ಮಾಡಬಹುದಾದ ಕೆಲಸ ಇದು.

ಲೋಕೇಶ, ಮದ್ದೂರು

ಕಿವಿ ವಿಷಯ ನಂಗೆ ಹೊಳೀಲೇ ಇಲ್ಲ. ಸರಿ, ಬರೀಲಿ ಬಿಡಿ. ಆದ್ರೆ ಪದ್ಮಕ್ಕ, "ಮಗ" ಅನ್ನೋದ್ರಲ್ಲಿ ತಪ್ಪೇನು? ನಮ್ ಕಡೆ ಬಸ್ಸಲ್ಲಿ ಟಿಕೆಟ್ ಕೊಡೋ ಕಂಡಕ್ಟರ್ನೂ ಮಗ ಅಂತಾರೆ.

ಪದ್ಮಾವತಿ, ಸರಸ್ವತಿಪುರಂ

ಅವರು "ಮಗನೇ" ಅಂತ ಕರೆದರೆ ಕರೆಯಲಿ, ನೀವೂ "ಅಮ್ಮ" ಅನ್ನಿ. ಅದು ನಮ್ಮ ಮಾತಿನ ರೀತಿ, ಅದನ್ನು ತಿದ್ದೋಕೆ ಹೋದರೆ ಅವಮಾನ. ನಾನು ಬೇಡ ಅಂದದ್ದು ಮಗ ಮಾಡುವ ಕೆಲಸವನ್ನೆಲ್ಲ ಮಾಡ್ತೀನಿ ಅಂತ ಮಾತು ಕೊಡೋದು. "ನಾಳೆ ಬರ್ತೀಯಾ?" ಅಂದರೆ "ನಾಳೆ ಸಂಜೆ ಫೋನ್ ಸರದಿ ಸುಮಾಳದ್ದು ಅಮ್ಮ, ಅವಳು ಬರೀತಾಳೆ, ನಾನು ಗುರುವಾರ" ಅನ್ನಿ. "ಬರ್ತೀನಿ ಬರ್ತೀನಿ" ಅಂತ ಮಾತು ತೇಲಿಸಿದರೆ ಗೇಟಿನ ಸದ್ದಾದಾಗಲೆಲ್ಲ ಅವರು ಎದ್ದು ಹೋಗಿ ನೋಡುತ್ತಾರೆ.

ನಿವೃತ್ತ, ಒಂಟಿಕೊಪ್ಪಲು

ನನಗೆ 81. ಓದುತ್ತಾ ಬಂದೆ. ಎಲ್ಲರೂ ಆ ತಾಯಿಗೆ ಏನು ಕೊಡಬೇಕು, ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕುತ್ತಿದ್ದೀರಿ. ಅವರಿಂದ ಏನು ತೆಗೆದುಕೊಳ್ಳಬಹುದು ಅಂತ ಯಾರೂ ಕೇಳಲಿಲ್ಲ. ಜೀವಮಾನವಿಡೀ ವ್ಯಾಕರಣ ಕಲಿಸಿದವರಿಗೆ ದಿನಾ "ಊಟ ಆಯ್ತಾ, ಮಾತ್ರೆ ತಗೊಂಡ್ರಾ" ಅಂತ ಕೇಳುತ್ತಿದ್ದರೆ ಅವರು ರೋಗಿಯೇ ಆಗಿಬಿಡುತ್ತಾರೆ. ಒಂದು ಪದದ ಅರ್ಥ ಕೇಳಿ. ಸಂಘದ ರಾಜ್ಯೋತ್ಸವದ ಕರಪತ್ರ ಇದ್ದರೆ ಅವರ ಹತ್ತಿರ ತಿದ್ದಿಸಿ. "ಎಲ್ಲರೂ ಹೇಗಿದ್ದೀರಿ" ಅಂತ ಅವರು ಕೇಳಿದ್ದಾರಲ್ಲ, ಅದಕ್ಕೆ ನಿಜವಾದ ಉತ್ತರ ಕೊಡಿ. "ಚೆನ್ನಾಗಿದ್ದೀವಿ" ಅಂದರೆ ಮಾತು ಅಲ್ಲಿಗೇ ಮುಗಿಯಿತು. "ಇವತ್ತು ಬೀದಿಯಲ್ಲಿ ನೀರು ಬರಲಿಲ್ಲ, ಟ್ಯಾಂಕರ್ ತರಿಸಿದೆವು" ಅಂದರೆ ಅವರಿಗೂ ಹೇಳೋಕೆ ಏನಾದರೂ ಇರುತ್ತೆ.

ಮಂಡ್ಯದ ಸಿಸ್ಟರ್

ಮನೆ ಮನೆಗೆ ಹೋಗಿ ಹಿರಿಯರ ಶುಶ್ರೂಷೆ ಮಾಡುವವಳು ನಾನು. ಅಜ್ಜನವರ ಮಾತು ಪೂರ್ತಿ ಒಪ್ತೀನಿ. ಆದರೂ "ಊಟ ಆಯ್ತಾ" ಬಿಡಬೇಡಿ. ಕೇಳುವ ರೀತಿ ಬದಲಾಯಿಸಿ ಅಷ್ಟೆ. "ಊಟ ಆಯ್ತಾ" ಅಂದರೆ ಎಲ್ಲರೂ "ಆಯ್ತು" ಅಂತಾರೆ. "ಇವತ್ತು ಏನು ಹುಳಿ ಮಾಡಿದ್ರಿ?" ಅಂತ ಕೇಳಿ. ಮೂರು ದಿನ ಮಜ್ಜಿಗೆ ಅನ್ನ, ಬಿಸ್ಕತ್ತು ಕಾಫಿ ಅಂತ ಬಂದರೆ ಒಲೆ ಹಚ್ಚಿಲ್ಲ ಅಂತ ಅರ್ಥ. ಕಾರಣ ಬೇಜಾರೇ ಆಗಿರಬೇಕಿಲ್ಲ. ಹಲ್ಲಿನ ಸೆಟ್ ಒತ್ತುತ್ತಿರಬಹುದು, ಸಿಲಿಂಡರ್ ಮುಗಿದು ಬುಕ್ ಮಾಡೋಕೆ ಬಾರದೇ ಇರಬಹುದು, ತಲೆಸುತ್ತಿಗೆ ಹೆದರಿ ನಿಂತು ಅಡಿಗೆ ಮಾಡದೇ ಇರಬಹುದು. ಇವೆಲ್ಲ ನಿಮ್ಮ ಸಂಘದಿಂದ ಪರಿಹಾರ ಆಗುವಂಥವು.

ಇನ್ನೊಂದನ್ನು ಮೂವರೂ ಗಟ್ಟಿಯಾಗಿ ನೆನಪಿಡಿ. ದಿನಾ ನೆಟ್ಟಗೆ ಬರೆಯುವವರು ಒಂದು ಸಂಜೆ ಇದ್ದಕ್ಕಿದ್ದಂತೆ ಅಸ್ತವ್ಯಸ್ತ ಬರೆದರೆ, ತೀರಿಹೋದ ಯಜಮಾನರು ಇನ್ನೂ ಆಫೀಸಿನಿಂದ ಬಂದಿಲ್ಲ ಅಂತ ಬರೆದರೆ, "ವಯಸ್ಸಾಯ್ತು, ಅರಳುಮರಳು" ಅಂತ ಬಿಡಬೇಡಿ. ಮರೆವಿನ ಕಾಯಿಲೆ ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಬರುತ್ತೆ. ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ಬಂದ ಗೊಂದಲ ಅಂದರೆ ಮೈಯಲ್ಲಿ ಏನೋ ಆಗಿದೆ: ಮೂತ್ರದ ಸೋಂಕು, ಕಫ ಜ್ವರ, ನೀರು ಕಡಿಮೆಯಾಗಿರೋದು, ಸಕ್ಕರೆ ಇಳಿದಿರೋದು, ಹೊಸ ಮಾತ್ರೆ. ಈ ವಯಸ್ಸಿನಲ್ಲಿ ಸೋಂಕಿದ್ದರೂ ಜ್ವರ ಬರದೇ ಇರಬಹುದು. ಅವತ್ತೇ ಡಾಕ್ಟರ್ ನೋಡಬೇಕು. ಜೊತೆಗೆ ಮಾತು ತೊದಲಿದರೆ, ಕೈ ಸೋತರೆ, ಬಾಯಿ ಸೊಟ್ಟಗಾದರೆ ಆ ಕ್ಷಣವೇ ಆಂಬ್ಯುಲೆನ್ಸ್, 108 ಅಥವಾ 112.

ಶಶಿಧರ, ಕುವೆಂಪುನಗರ

ಎಲ್ಲರಿಗೂ ವಂದನೆ. ಮೂವರೂ ಕೂತು ಮಾತಾಡಿ ಒಂದು ಕರಡು ಬರೆದಿದ್ದೇವೆ. ಇವತ್ತು ಸಂಜೆ ಕಳಿಸುವ ಮುಂಚೆ ನೋಡಿ ಹೇಳಿ:

"ನಮಸ್ಕಾರ ಅಮ್ಮ. ನಿಮ್ಮ ಸಂದೇಶದಿಂದ ನಮಗೆ ಯಾವ ತೊಂದರೆಯೂ ಇಲ್ಲ. ನೀವು ಯಾವಾಗ ಬೇಕಾದರೂ ಬರೆಯಿರಿ, ನಾವು ಸದಾ ನಿಮ್ಮ ಜೊತೆಗಿದ್ದೇವೆ. ಆದರೆ ಸಂಘದ ನಿಯಮದ ಪ್ರಕಾರ ಪ್ರತಿದಿನ 15 ನಿಮಿಷ ಮಾತ್ರ ಉತ್ತರಿಸಲು ಸಾಧ್ಯ. ದಯವಿಟ್ಟು ಸಹಕರಿಸಿ."

ಪದ್ಮಾವತಿ, ಸರಸ್ವತಿಪುರಂ

ಮೊದಲ ಸಾಲು ಇರಲಿ. ಎರಡನೆಯದು ಸುಳ್ಳು, ಸದಾ ಇರೋಕೆ ನಿಮ್ಮಿಂದಾಗಲ್ಲ. ಮೂರು, ನಾಲ್ಕನೇ ಸಾಲು ಬ್ಯಾಂಕಿನ ನೋಟಿಸ್ ಥರ ಇದೆ. ಸಂಘದ ನಿಯಮದ ಹಿಂದೆ ಅಡಗಬೇಡಿ, ಅಳತೆ ಗೊತ್ತು ಮಾಡಿದವರು ನೀವೇ ಅಲ್ಲವೇ. "ಮಾತ್ರ" ಅನ್ನೋದನ್ನು ತೆಗೆದುಹಾಕಿ, ಇರೋದನ್ನು ಇರುವ ಹಾಗೆ ಹೇಳಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ನಮಸ್ಕಾರ ಅಮ್ಮ, ಶಶಿ ಬರೀತಿದ್ದೀನಿ. ನಿಮ್ಮ ನಮಸ್ಕಾರ ಬಂದರೆ ನಮಗೆ ಸಂತೋಷ, ತೊಂದರೆ ಅಲ್ಲ. ಈ ಫೋನ್ ನಾನು, ಸುಮಾ, ರವಿ ಮೂವರು ಸರದಿ ಮೇಲೆ ನೋಡ್ತೀವಿ. ದಿನಾ 7ರಿಂದ ಏಳೂಕಾಲರವರೆಗೆ ನಿಮ್ಮ ಜೊತೆ ಮಾತಾಡ್ತೀವಿ, ಬರೆದವರ ಹೆಸರು ಕೊನೆಗೆ ಹಾಕ್ತೀವಿ. 8ರ ಮೇಲೆ ಫೋನ್ ಯಾರ ಹತ್ತಿರವೂ ಇರಲ್ಲ, ನೀವು ಬರೆದದ್ದನ್ನು ಮರುದಿನ ಸಂಜೆ ಓದ್ತೀವಿ. ರಾತ್ರಿ ಏನಾದರೂ ತುರ್ತಾದರೆ 112ಕ್ಕೆ ಮಾಡಿ. ಇವತ್ತು ನಮ್ಮ ಬೀದಿ ಹೊಂಗೆಮರ ಪೂರ್ತಿ ಹೂ ಬಿಟ್ಟಿದೆ, ನಿಮ್ಮ ಮನೆ ಮುಂದಿನದು?"

ಕೊನೆಯ ಪ್ರಶ್ನೆ ಬಿಡಬೇಡಿ. ಗಡಿ ಹೇಳಿದ ಸಾಲೇ ಕೊನೆಯ ಸಾಲಾದರೆ ಬಾಗಿಲು ಹಾಕಿದಂತಾಗುತ್ತೆ. ಇದನ್ನು ಒಂದೇ ಸಲ ಹೇಳಿ ಸಾಕು, ದಿನಾ ನೆನಪಿಸೋದು ಬೇಡ. ಏಳೂಕಾಲಕ್ಕೆ ಮುಗಿಸುವಾಗ ಥಟ್ಟನೆ ನಿಲ್ಲಿಸಬೇಡಿ. ಐದು ನಿಮಿಷ ಮುಂಚೆ "ಇನ್ನೊಂದು ಮಾತು ಹೇಳಿ ಅಮ್ಮ, ಆಮೇಲೆ ರಾಯರ ಮನೆ ಮಾತ್ರೆ ಕೊಡೋಕೆ ಹೋಗ್ಬೇಕು" ಅನ್ನಿ. ಹೋಗೋದು ನಿಜವಾಗಿದ್ದರೆ ಮಾತ್ರ. ಇಲ್ಲದಿದ್ದರೆ "ಇವತ್ತಿಗೆ ಇಷ್ಟು, ನಾಳೆ ಸುಮಾ" ಅಂದರೂ ಸಾಕು, ನೆಪ ಹೇಳಬೇಡಿ.

ನಿವೃತ್ತ, ಒಂಟಿಕೊಪ್ಪಲು

ಒಂದು ಸೇರಿಸಿ: "ಈ ನಂಬರಿನಿಂದ ನಾವು ಎಂದೂ ದುಡ್ಡು, ಓಟಿಪಿ, ಪಾಸ್‌ಬುಕ್ ಫೋಟೊ ಕೇಳಲ್ಲ. ಯಾರಾದರೂ ನಮ್ಮ ಹೆಸರು ಹೇಳಿ ಕೇಳಿದರೂ ಕೊಡಬೇಡಿ." ದಿನಾ ಅಕ್ಕರೆಯಿಂದ ಮಾತಾಡುವವರನ್ನು ನಾವು ಬೇಗ ನಂಬುತ್ತೇವೆ, ಮೋಸಗಾರರಿಗೂ ಇದು ಗೊತ್ತು. ಪೊಲೀಸ್ ಅಂತ ವಿಡಿಯೊ ಕಾಲ್ ಮಾಡಿ "ಡಿಜಿಟಲ್ ಅರೆಸ್ಟ್" ಅಂತ ಹೆದರಿಸುವವರು ಒಂಟಿ ಮುದುಕರನ್ನೇ ಹುಡುಕುತ್ತಾರೆ. ಅಂಥ ಅರೆಸ್ಟ್ ಕಾನೂನಿನಲ್ಲೇ ಇಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ 1930.

ಅವರು ನಿಮಗೆ ದುಡ್ಡು, ಸೀರೆ, ಬೆಳ್ಳಿ ಲೋಟ ಕೊಡೋಕೆ ಬಂದರೂ ತೆಗೆದುಕೊಳ್ಳಬೇಡಿ. ಒಂದು ಲೋಟ ಕಾಫಿ ಬೇಡ ಅನ್ನಬೇಡಿ.

ಲೋಕೇಶ, ಮದ್ದೂರು

ಇದೆಲ್ಲ ಸರಿ. ನಮಸ್ಕಾರ ಬರದೇ ಇದ್ದ ದಿನ ಏನು? ನಾನಂತೂ ಏಳೂ ಐದಕ್ಕೆ 112ಕ್ಕೆ ಹೊಡೀತೀನಿ. ಬಿದ್ದು ಗಿದ್ದಿದ್ರೆ?

ಮಂಡ್ಯದ ಸಿಸ್ಟರ್

ನಿಮ್ಮ ಭಯ ಸುಳ್ಳಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಏಳಲಾಗದೆ ಗಂಟೆಗಟ್ಟಲೆ ನೆಲದ ಮೇಲೇ ಇದ್ದರೆ, ಮೂಳೆ ಮುರಿಯದಿದ್ದರೂ ಮಾಂಸಖಂಡ ನಜ್ಜಿ ಮೂತ್ರಪಿಂಡಕ್ಕೆ ಪೆಟ್ಟಾಗುತ್ತೆ, ಮೈ ತಣ್ಣಗಾಗುತ್ತೆ, ನೀರಿಲ್ಲದೆ ಒಣಗುತ್ತಾರೆ. ಹಾಗಾಗಿ ಮರುದಿನ ನೋಡೋಣ ಅನ್ನೋದು ತಪ್ಪು. ಆದರೆ ಐದು ನಿಮಿಷಕ್ಕೆ ಪೊಲೀಸ್ ಗಾಡಿ ಬಾಗಿಲಿಗೆ ಬಂದು, ಅಮ್ಮ ಒಳಗೆ ಆರಾಮಾಗಿ ಹೂ ಕಟ್ಟುತ್ತಾ ಕೂತಿದ್ದರೆ? ಬೀದಿಯವರೆಲ್ಲ ಸೇರುತ್ತಾರೆ, ಆ ಅವಮಾನಕ್ಕೆ ಅವರು ಮತ್ತೆ ನಿಮಗೆ ಬರೆಯೋದೇ ಇಲ್ಲ.

ಪದ್ಮಾವತಿ, ಸರಸ್ವತಿಪುರಂ

ಇದನ್ನು ಇವತ್ತೇ, ಅವರು ಚೆನ್ನಾಗಿರುವಾಗಲೇ, ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. "ಅಮ್ಮ, ಒಂದು ದಿನ ನಿಮ್ಮ ನಮಸ್ಕಾರ ಬರದಿದ್ದರೆ ನಾವು ಏನು ಮಾಡಲಿ, ಯಾರಿಗೆ ಹೇಳಲಿ?" ಅವರೇ ಹೇಳಿದ ದಾರಿಯಲ್ಲಿ ಹೋದರೆ ಅದು ಕಾವಲು ಅನ್ನಿಸಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಅಮ್ಮ ಏಳಕ್ಕೆ ಬರೆಯುವವರು, ಏಳೂಕಾಲು ಆದರೂ ಬಂದಿಲ್ಲ. ನೀವೇ ಬರೆಯಿರಿ: "ನಮಸ್ಕಾರ ಅಮ್ಮ, ದೀಪ ಹಚ್ಚಿದ್ರಾ?" ಈಗ ಟಿಕ್ ನೋಡಿ. ಒಂದೇ ಟಿಕ್ ಇದ್ದರೆ ಸಂದೇಶ ಅವರ ಫೋನಿಗೇ ತಲುಪಿಲ್ಲ: ಫೋನ್ ಆಫ್, ಚಾರ್ಜ್ ಇಲ್ಲ, ನೆಟ್ ಇಲ್ಲ, ರೀಚಾರ್ಜ್ ಮುಗಿದಿದೆ. 28 ದಿನದ ಪ್ಲಾನ್ ಹಾಕಿಸಿಕೊಂಡ ಹಿರಿಯರಲ್ಲಿ ಇದೇ ಹೆಚ್ಚು. ರೀಚಾರ್ಜ್ ಯಾವತ್ತು ಮುಗಿಯುತ್ತೆ ಅಂತ ಕೇಳಿ ಬರೆದಿಟ್ಟುಕೊಂಡರೆ ಅರ್ಧ ಗಾಬರಿ ತಪ್ಪುತ್ತೆ. ಎರಡು ಬೂದು ಟಿಕ್ ಬಂದರೆ ಫೋನ್ ಜೀವಂತ ಇದೆ, ಅಮ್ಮ ಇನ್ನೂ ನೋಡಿಲ್ಲ. ನನಗೆ ಹೆಚ್ಚು ಕಳವಳ ಆಗೋದು ಆಗಲೇ. ನೀಲಿ ಆಗಿಯೂ ಉತ್ತರ ಇಲ್ಲ ಅಂದರೆ ಬಹುಶಃ ಮನಸ್ಸಿಲ್ಲ, ಅಥವಾ ಯಾರೋ ಬಂದಿದ್ದಾರೆ. ಆದರೆ ಅವರ ಫೋನಿನಲ್ಲಿ ಓದಿದ ಗುರುತು ಆಫ್ ಆಗಿದ್ದರೆ ನೀಲಿ ಬರೋದೇ ಇಲ್ಲ, ಅದನ್ನು ಮುಂಚೆಯೇ ಒಂದು ಸಂಜೆ ನೋಡಿಕೊಂಡಿರಿ.

ಏಳೂವರೆಗೆ ಒಂದು ಸಲ ಫೋನ್ ಮಾಡಿ, ಎತ್ತದಿದ್ದರೆ ಕಿವಿ ವಿಷಯ ನೆನಪಿರಲಿ. ಆಮೇಲೆ ಅವರು ಹೇಳಿದ ಪಕ್ಕದ ಮನೆಯವರಿಗೆ ಹೇಳಿ. ಅವರು ಹೋಗಿ ಬೆಲ್ ಒತ್ತಲಿ, ಕಿಟಕಿಯಲ್ಲಿ ಲೈಟ್ ಇದೆಯಾ, ಬೆಳಗಿನ ಹಾಲಿನ ಪ್ಯಾಕೆಟ್ ಗೇಟಿನಲ್ಲೇ ನೇತಾಡುತ್ತಿದೆಯಾ ನೋಡಲಿ. ಹಾಲು ಅಲ್ಲೇ ಇದ್ದು ಬಾಗಿಲು ತೆರೆಯದಿದ್ದರೆ, ಒಳಗಿಂದ ನರಳುವ ಸದ್ದು ಬಂದರೆ ಆಗ 112, ಒಂದು ನಿಮಿಷವೂ ಕಾಯಬೇಡಿ. ಇಷ್ಟೆಲ್ಲ 8 ಗಂಟೆಯೊಳಗೆ, ನಿಮ್ಮ ಸರದಿ ಮುಗಿಯುವ ಮುಂಚೆ ಆಗಬೇಕು. ಆಗಿಲ್ಲ ಅಂದರೆ ಫೋನನ್ನು ಕಪಾಟಿಗೆ ಇಡಬೇಡಿ, ಆ ಒಂದು ದಿನ ಮನೆಗೆ ತೆಗೆದುಕೊಂಡು ಹೋಗಿ.

ರೇಖಾ

ಮ್ಯೂಟ್ ಮಾಡಿ ಅಂದದ್ದು ನಾನೇ, ನಿಮ್ಮ ಪ್ರಶ್ನೆ ಬೇರೆ ಇತ್ತು. ಈಗ ಕೇಳ್ತೀನಿ: ಅವರು "ಸಾಕಾಗಿದೆ, ದೇವರು ಯಾವಾಗ ಕರ್ಕೊತಾನೋ" ಅಂತ ಬರೆದರೆ? ನಮ್ಮತ್ತೆ ಆಗಾಗ ಹೇಳ್ತಾರೆ. ಕೆದಕಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗಲ್ವಾ?

ಪದ್ಮಾವತಿ, ಸರಸ್ವತಿಪುರಂ

ಕೇಳಿದರೆ ಯೋಚನೆ ಬರುತ್ತೆ ಅನ್ನೋದು ತಪ್ಪು ನಂಬಿಕೆ ರೇಖಾ. ಯಾರೋ ಕೇಳಿದರಲ್ಲ ಅಂತ ಹೆಚ್ಚಿನವರಿಗೆ ನಿರಾಳವಾಗುತ್ತೆ. ನಮ್ಮ ಹಿರಿಯರಲ್ಲಿ ಆ ಮಾತು ಬಾಯಿಗೆ ಬರೋದು ಸಾಮಾನ್ಯ, ಎಲ್ಲದಕ್ಕೂ ಗಾಬರಿ ಬೇಡ. "ಛೆ, ಹಾಗನ್ನಬೇಡಿ" ಅಂತ ಬಾಯಿ ಮುಚ್ಚಿಸಬೇಡಿ, ಅಷ್ಟೇ. ನೇರವಾಗಿ ಕೇಳಿ: "ಅಮ್ಮ, ಬೇಜಾರಿಗೆ ಹೇಳಿದ್ರಾ, ಇಲ್ಲ ಜೀವ ಕಳ್ಕೊಳ್ಳೋ ಯೋಚನೆ ಬರ್ತಿದೆಯಾ?" ಹೌದು ಅಂದರೆ, ಅಥವಾ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಒಡವೆ ಪಾತ್ರೆ ಹಂಚೋ ಮಾತು, ಎಲ್ಲರಿಗೂ ಕ್ಷಮೆ ಕೇಳೋ ಮಾತು ಬಂದರೆ, 15 ನಿಮಿಷದ ಗಡಿ ಅವತ್ತಿಗಿಲ್ಲ. ಒಬ್ಬರು ಬರೆಯುತ್ತಾ ಇರಿ, ಇನ್ನೊಬ್ಬರು ಪಕ್ಕದ ಮನೆಯವರನ್ನು ಕಳಿಸಿ, ಅವರು ಒಂಟಿಯಾಗಿರದಂತೆ ನೋಡಿ. ಟೆಲಿ ಮಾನಸ್ 14416, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಮ್ಮನಿಗೆ ಫೋನ್ ಕೇಳಿಸಲ್ಲವಲ್ಲ, ಪಕ್ಕದಲ್ಲಿ ಕೂತವರು ಮಾತಾಡಬೇಕು, ಅಥವಾ ನೀವೇ ಮಾಡಿ ಹೇಗೆ ನಿಭಾಯಿಸೋದು ಅಂತ ಕೇಳಬಹುದು.

ಪಿಂಚಣಿ, ಆಸ್ತಿ, ಮನೆಯವರ ಕಿರುಕುಳ ಇಂಥವಕ್ಕೆ ಹಿರಿಯರ ಸಹಾಯವಾಣಿ 14567 ಇದೆ, ಬೆಳಿಗ್ಗೆ 8ರಿಂದ ರಾತ್ರಿ 8. ಎರಡನ್ನೂ ಕಲಸಿಕೊಳ್ಳಬೇಡಿ.

ಶಶಿಧರ, ಕುವೆಂಪುನಗರ

ಸಂದೇಶ ಕಳಿಸಿದೆ. ಉತ್ತರ ಬಂತು: "ವ್ಯವಸ್ಥೆ ತಿಳಿಯಿತು. ಸಂತೋಷ. ಹೊಂಗೆಯಲ್ಲ, ನಮ್ಮ ಮನೆ ಮುಂದಿರುವುದು ಸಂಪಿಗೆ. 'ಮಾತಾಡ್ತೀವಿ' ಎಂದು ಬರೆಯಬಾರದು, 'ಮಾತನಾಡುತ್ತೇವೆ'." ಫೋನ್ ಸ್ಪಷ್ಟ ಕೇಳಿಸಲ್ಲ ಅಂತಲೂ ಒಪ್ಪಿಕೊಂಡರು, ಏಡ್ ಬೀರುವಿನಲ್ಲಿದೆಯಂತೆ. ಶನಿವಾರ ಸುಮಾ ಬ್ಯಾಟರಿ ತೆಗೆದುಕೊಂಡು ಹೋಗುತ್ತಾಳೆ.

ಅನಂತ, ಮಾನಸಗಂಗೋತ್ರಿ ಹತ್ತಿರ

ಬ್ಯಾಟರಿ ಕೊಳ್ಳುವ ಮುಂಚೆ ಹಳೆಯದರ ಹಿಂದಿನ ನಂಬರ್ ನೋಡಿ: 10, 312, 13, 675 ಅಂತ ಇರುತ್ತೆ. ಸ್ಟಿಕ್ಕರ್ ಬಣ್ಣ ಕ್ರಮವಾಗಿ ಹಳದಿ, ಕಂದು, ಕಿತ್ತಳೆ, ನೀಲಿ. ಹೊಸದು ಹಾಕಿಯೂ ಸದ್ದಿಲ್ಲ ಅಂದರೆ ಕಿವಿಯೊಳಗಿನ ಅಚ್ಚಿನ ತೂತಿನಲ್ಲಿ ಗುಗ್ಗೆ ಕಟ್ಟಿರುತ್ತೆ. ಪಿನ್ ಹಾಕಿ ಕೆದಕಬೇಡಿ, ಒಣ ಬ್ರಷ್‌ನಲ್ಲಿ ಉಜ್ಜಿ. ಆಗಲಿಲ್ಲ ಅಂದರೆ ಅಮ್ಮನ ಜೊತೆ ಏಡನ್ನೂ ತನ್ನಿ.

ಶಶಿಧರ, ಕುವೆಂಪುನಗರ

ಗುರುತು ಮಾಡಿಕೊಂಡೆ. ಒಂದು ವಿಷಯದಲ್ಲಿ ಇನ್ನೂ ಗೊಂದಲ. ನಮಸ್ಕಾರ ಬರದಿದ್ದರೆ ಎದುರು ಮನೆಯವರಿಗೆ ಹೇಳಿ ಅಂದರು ಅಮ್ಮ, ಮಗನಿಗೆ ಮಾತ್ರ ಹೇಳಬೇಡಿ ಅಂದರು. "ಅಷ್ಟು ದೂರದಿಂದ ಅವನೇನು ಮಾಡ್ತಾನೆ, ಸುಮ್ಮನೆ ಗಾಬರಿ." ಮಗನ ನಂಬರ್ ನಮ್ಮ ಹತ್ತಿರ ಇದೆ. ರವಿ ಮಗನಿಗೆ ಹೇಳಲೇಬೇಕು ಅಂತಾನೆ.

ಲೋಕೇಶ, ಮದ್ದೂರು

ಹೇಳ್ಬೇಕು. ಹೆತ್ತ ಮಗ. ನಾಳೆ ಏನಾದ್ರೂ ಆದ್ರೆ "ನನಗ್ಯಾಕೆ ಹೇಳ್ಲಿಲ್ಲ" ಅಂತ ನಿಮ್ಮನ್ನೇ ಕೇಳ್ತಾನೆ.

ನಿವೃತ್ತ, ಒಂಟಿಕೊಪ್ಪಲು

ಹೇಳಬಾರದು. ಅವರ ಬುದ್ಧಿ ನೆಟ್ಟಗಿದೆ, ನಿರ್ಧಾರ ಅವರದ್ದು. ಬೆನ್ನ ಹಿಂದೆ ಮಗನಿಗೆ ಹೇಳಿದ್ದು ಗೊತ್ತಾದ ದಿನ ನಿಮಗೆ ನಿಜ ಹೇಳೋದನ್ನು ನಿಲ್ಲಿಸುತ್ತಾರೆ.

ಪದ್ಮಾವತಿ, ಸರಸ್ವತಿಪುರಂ

ನಾನು ಅಜ್ಜನವರ ಪಕ್ಷ, ಆದರೆ ಪೂರ್ತಿ ಅಲ್ಲ. ಒಂದು ಸಂಜೆ ತಡವಾದರೆ ಮಗನಿಗೆ ಬೇಡ. ಆಸ್ಪತ್ರೆಗೆ ಸೇರಿಸುವಂತಾದರೆ ಹೇಳಲೇಬೇಕಾಗುತ್ತೆ, ಅಲ್ಲಿ ಸಹಿ ಹಾಕುವವರು ಯಾರು ಅಂತ ಕೇಳುತ್ತಾರೆ. ಅದನ್ನು ಈಗಲೇ ಅಮ್ಮನಿಗೆ ಹೇಳಿ: "ಆಸ್ಪತ್ರೆ ಅಂತಾದರೆ ನಾವು ಮಗನಿಗೆ ಹೇಳುತ್ತೇವೆ, ಮಿಕ್ಕ ಯಾವುದಕ್ಕೂ ನಿಮ್ಮನ್ನು ಕೇಳದೆ ಹೇಳುವುದಿಲ್ಲ." ಅವರು ಒಪ್ಪದಿದ್ದರೆ ಮತ್ತೆ ಬರೆಯಿರಿ. ರವಿ ಒಬ್ಬನೇ ತೀರ್ಮಾನ ಮಾಡಿ ಫೋನ್ ಮಾಡುವಂತಾಗಬಾರದು.

ಮಂಡ್ಯದ ಸಿಸ್ಟರ್

ಎದುರು ಮನೆಯವರ ಹತ್ತಿರ ಬೀಗದ ಕೈ ಇದೆಯಾ ಕೇಳಿದ್ರಾ? ಇದ್ದರೂ ಅಮ್ಮ ರಾತ್ರಿ ಒಳಗಿಂದ ಚಿಲಕ ಹಾಕಿಕೊಂಡರೆ ಆ ಕೀ ಉಪಯೋಗಕ್ಕೆ ಬರಲ್ಲ, ಬಾಗಿಲು ಒಡೆಯಬೇಕಾಗುತ್ತೆ. ಚಿಲಕ ಬಿಟ್ಟು ಎರಡೂ ಕಡೆಯಿಂದ ಕೀ ತಿರುಗುವ ಬೀಗ ಬಳಸೋಕೆ ಹೇಳಿ. ಒಳಗಿನಿಂದ ಕೀ ಸಿಕ್ಕಿಸಿ ಬಿಡಬಾರದು, ಬಿಟ್ಟರೆ ಹೊರಗಿನ ಕೀ ಒಳಗೆ ಹೋಗಲ್ಲ.

ಶಶಿಧರ, ಕುವೆಂಪುನಗರ

ಕೇಳಿರಲಿಲ್ಲ. ಶನಿವಾರ ಸುಮಾ ಜೊತೆ ನಾನೂ ಹೋಗುತ್ತೇನೆ, ಬೀಗ ನೋಡಿಕೊಂಡು ಬಂದು ಬರೆಯುತ್ತೇನೆ.